ರೇಷ್ಮೆಗೆ ಕಸೂತಿ: ಗವಂತಿಯೋ, ನೇಗಿಯೋ, ಮೆಂತೆಯೋ?

ಕಸೂತಿಗೆ ಮೊದಲೇ ಚಿತ್ರ ಬರೆದುಕೊಳ್ಳುವ ಕ್ರಮ ಇಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ರೇಷ್ಮೆಯ ಎಳೆ ಕಣ್ಣಿಗೆ ಸಿಕ್ಕಿದರಲ್ಲವೇ? ಹಾಗಾಗಿ ಮೇಲೆ ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ತುಂಡಿಟ್ಟು ಕಚ್ಚಾ ಹೊಲಿಗೆ ಹಾಕಿ, ಅದರ ಎಳೆ ಎಣಿಸಿ ಕಸೂತಿ ಹಾಕುತ್ತೇನೆ. ಕೊನೆಗೆ ಮ್ಯಾಟಿಯನ್ನು ಒಂದೊಂದೇ ಎಳೆಯಾಗಿ ಎಳೆದು ತೆಗೆಯುವುದು. ಸೂಜಿ ಮ್ಯಾಟಿಯ ಎಳೆಯನ್ನೇ ಚುಚ್ಚಿದ್ದರೆ ಅಲ್ಲಿ ಎಳೆ ಕದಲುವುದಿಲ್ಲ. ಜೋರು ಮಾಡಿದರೆ ರೇಷ್ಮೆ ನೆರಿಗೆ ಕಟ್ಟುತ್ತದೆ.

ಧಾರವಾಡದ ಕಡೆಯ ಗೋಪುರದ ಚಿತ್ತಾರವನ್ನೇ ಗವಂತಿ, ನೇಗಿ, ಮೆಂತೆ ಮೂರೂ ಹೊಲಿಗೆಯಲ್ಲಿ ಹಾಕಿ ನೋಡಿದೆ.

ಸೀರೆಯ ಸೆರಗಿಗೆ ಗವಂತಿಯೇ ಸೈ. ಹೋಗುವಾಗ ಒಂದು ಮನೆ ಹೊಲಿದು ಒಂದು ಮನೆ ಬಿಡುವುದು, ಬರುವಾಗ ಬಿಟ್ಟದ್ದನ್ನು ತುಂಬುವುದು. ಗಂಟು ಹಾಕದೆ ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಿದರೆ ಎರಡೂ ಬದಿ ಒಂದೇ ಥರ ಕಾಣುತ್ತದೆ, ಸೆರಗು ಹಾರಿದರೂ ಚಿಂತೆಯಿಲ್ಲ. ಗೋಪುರದ ಮೆಟ್ಟಿಲಿನಿಂದ ಕವಲು ಬಂದಲ್ಲಿ ಮಾತ್ರ ಎಚ್ಚರ ಬೇಕು: ಆ ಕವಲಿಗೆ ಹೋಗಿ ವಾಪಸು ಬಂದೇ ಮುಂದೆ ಸಾಗಬೇಕು. ಅದನ್ನು ಬಿಟ್ಟು ಹೋದರೆ ಆಮೇಲೆ ದಾರ ಹಿಂದಿನಿಂದ ಹಾರಿ ಬರಬೇಕಾಗುತ್ತದೆ, ಹಿಂಬದಿ ಹಾಳು. ಉಡುಪಿಯ ತೇರನ್ನೂ ಹಾಕುವ ಆಸೆ ನನಗಿತ್ತು. ಆದರೆ ಗವಂತಿಗೆ ಅಡ್ಡ, ಉದ್ದ, ಓರೆ ಗೆರೆ ಬಿಟ್ಟರೆ ಬೇರೆ ಗೊತ್ತಿಲ್ಲ. ನಮ್ಮ ಗುಂಡು ತೇರು ಎಂಟು ಮೂಲೆಯ ಡಬ್ಬಿಯ ಹಾಗೆ ಕಂಡಿತು.

ಗೆರೆ ತೆಳುವಾದ್ದರಿಂದ ಗವಂತಿಗೆ ಬಣ್ಣದ ಅಂತರ ದೊಡ್ಡದಿರಬೇಕು. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಬಿಳಿ, ಕಿತ್ತಳೆ ದಾರ ದೂರಕ್ಕೂ ಎದ್ದು ಕಾಣುತ್ತದೆ. ಅದೇ ಗೋಪುರವನ್ನು ಮರೂನ್ ರೇಷ್ಮೆಗೆ ಗಾಢ ಹಸಿರಿನಲ್ಲಿ ಹಾಕಿದರೆ ಒಂದು ಮಾರು ದೂರದಿಂದ ಏನೂ ಇಲ್ಲ. ಬಣ್ಣ ಬೇರೆಯಾದರೆ ಸಾಲದು ಮಾರಾಯ್ರೆ, ಒಂದು ತಿಳಿ, ಒಂದು ಗಾಢ ಇರಬೇಕು. ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದರೆ ಹೊಲಿಯುವ ಮೊದಲೇ ಗೊತ್ತಾಗುತ್ತದೆ.

ನೇಗಿ ನೋಡಲಿಕ್ಕೆ ನೇಯ್ದ ಹಾಗೆಯೇ, ಬಣ್ಣ ತುಂಬಿ ಬರುತ್ತದೆ. ಆದರೆ ಉದ್ದುದ್ದ ದಾರ ಮೇಲೆ ತೇಲುವುದರಿಂದ ಬಳೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ತೋಳಿಗೆ ಬೇಡ, ಬೆನ್ನಿಗಾದರೆ ಅಡ್ಡಿಯಿಲ್ಲ.

ರವಿಕೆಯ ತೋಳಿಗೆ ನನ್ನ ಮತ ಮೆಂತೆಗೆ. ಒಳಗೆ ಲೈನಿಂಗ್ ಬರುವಾಗ ಹಿಂಬದಿ ಯಾರು ನೋಡುತ್ತಾರೆ? ಪುಟ್ಟ ಪುಟ್ಟ ಅಡ್ಡಗುಣಿಸು ಒತ್ತಾಗಿ ಕೂರುವುದರಿಂದ ಮರೂನ್ ಮೇಲಿನ ಹಸಿರೂ ಸ್ವಲ್ಪ ಮಟ್ಟಿಗೆ ಕಾಣುತ್ತದೆ. ಮೆತ್ತನೆಯ ರೇಷ್ಮೆಗೆ ಇದು ಭಾರ, ಬಟ್ಟೆ ಬಿರುಸಾಗುತ್ತದೆ. ಸೆರಗಿಗೆ ಹಾಕಿದರೆ ನೆರಿಗೆಯೇ ಕೂರುವುದಿಲ್ಲ. ಇನ್ನು ಕೆಂಪು ದಾರ. ನಮ್ಮ ಊರಿನ ಸೆಕೆಗೆ ತೋಳು ಬೆವರದೆ ಇರುವುದಿಲ್ಲ. ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ಹಿಡಿದು, ಬಣ್ಣ ಬಿಡುತ್ತದೋ ನೋಡಿಯೇ ಸೂಜಿಗೆ ಪೋಣಿಸಿ.