ಎರಡೂವರೆ ವರ್ಷ ಬಳಸಿದ ಜಾಹೀರಾತು ವರದಿ ಸೇವೆ: ಸರಾಸರಿ 1,600 ರೂಪಾಯಿ, ಕಟ್ಟಿದ ಪೊಟ್ಟಣಗಳು ಮಾತ್ರ 420ರವು

ಚಿಕ್ಕಮಗಳೂರಿನಿಂದ ಕಾಫಿಪುಡಿಯನ್ನು ಕೊರಿಯರ್ ಮೂಲಕ ಮಾರುತ್ತೇವೆ. ಹೆಚ್ಚಿನ ಗಿರಾಕಿಗಳು ಮೊಬೈಲಿನಲ್ಲಿ ನಮ್ಮ ಜಾಹೀರಾತು ನೋಡಿ ಬರುವವರು. ಜಾಹೀರಾತಿನ ಖರ್ಚನ್ನೂ ಅಂಗಡಿಗೆ ಬಂದ ಆರ್ಡರುಗಳನ್ನೂ ಒಂದೇ ಪರದೆಯಲ್ಲಿ ಜೋಡಿಸಿ ತೋರಿಸುವ ವರದಿ ಸೇವೆಯೊಂದಕ್ಕೆ ಚಂದಾ ಕಟ್ಟಲು ಶುರುಮಾಡಿ ಎರಡೂವರೆ ವರ್ಷವಾಯಿತು. ಸೇವೆಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಹೊರಟಿರುವ ಕೊರತೆ ಇದೊಂದರದ್ದೇ ಅಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಯಾವ ಜಾಹೀರಾತಿನಿಂದ ಎಷ್ಟು ಆರ್ಡರ್ ಬಂತು, ಯಾವ ಊರಿನಿಂದ ಬಂತು, ಒಂದು ಆರ್ಡರ್ ತರಲು ಎಷ್ಟು ಖರ್ಚಾಯಿತು ಎಂಬುದು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಸಿದ್ಧವಿರುತ್ತದೆ. ಎಣಿಕೆ ನಮ್ಮ ರಸೀದಿಗಳಿಗೆ ಬಹುಮಟ್ಟಿಗೆ ತಾಳೆಯಾಗುತ್ತದೆ. ನನ್ನ ತಕರಾರು ಇರುವುದು ಪರದೆಯ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಒಂದು ಅಂಕಿಯ ಬಗ್ಗೆ, ಅಂದರೆ ಆರ್ಡರಿನ ಸರಾಸರಿ ಮೊತ್ತದ ಬಗ್ಗೆ. ಅದನ್ನೊಂದನ್ನೇ ನಂಬಿ ನಾನು ಹಣ ಕಳೆದುಕೊಂಡಿದ್ದೇನೆ.

ಮೊದಲ ವರ್ಷದ ಒಂದು ವಾರ ಜಾಹೀರಾತಿಗೆ 4,200 ರೂಪಾಯಿ ಹಾಕಿದ್ದೆ. 21 ಆರ್ಡರ್ ಬಂದವು. ಒಟ್ಟು ಮಾರಾಟ 33,600, ಸರಾಸರಿ 1,600 ಎಂದು ಪರದೆ ಹೇಳಿತು. ಹಾಕಿದ ಪ್ರತಿ ರೂಪಾಯಿಗೆ ಎಂಟು ರೂಪಾಯಿ ಮಾರಾಟ! ಅಷ್ಟು ಎತ್ತರದ ಅಂಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮುಂದಿನ ವಾರದ ಖರ್ಚನ್ನು ಮೂರು ಪಟ್ಟು ಮಾಡಿ 12,600ಕ್ಕೆ ಏರಿಸಿದೆ.

ಆ ವಾರ ಆರ್ಡರುಗಳು ಬಂದವು, 54. ಆದರೆ ಪೊಟ್ಟಣ ಕಟ್ಟುವ ಹುಡುಗಿ ಬುಧವಾರವೇ ಹೇಳಿದಳು: "ಅಕ್ಕಾ, ಇವತ್ತೂ ಎಲ್ಲವೂ ಅರ್ಧ ಕೆ.ಜಿ.ಯವೇ. ದೊಡ್ಡ ಪೆಟ್ಟಿಗೆ ಒಂದನ್ನೂ ಮುಟ್ಟಿಲ್ಲ." ವಾರದ ಕೊನೆಗೆ ಮಾರಾಟ 24,300ಕ್ಕೆ ನಿಂತಿತು. ಬೀಜ, ಹುರಿಯುವ ಕೂಲಿ, ಪೊಟ್ಟಣ, ಕೊರಿಯರ್ ಎಲ್ಲ ಕಳೆದರೆ ನಮಗೆ ಉಳಿಯುವುದು ನೂರಕ್ಕೆ ಸುಮಾರು 35 ರೂಪಾಯಿ. ಅಂದರೆ ಕೈಗೆ ಬಂದದ್ದು 8,505, ಜಾಹೀರಾತಿಗೆ ಹೋದದ್ದು 12,600. ನಾಲ್ಕು ಸಾವಿರಕ್ಕೂ ಹೆಚ್ಚು ನಷ್ಟ.

ಆಗ ಹಿಂದಿನ ವಾರದ ಆರ್ಡರುಗಳನ್ನು ಇಳಿಸಿಕೊಂಡು ಒಂದರ ಕೆಳಗೊಂದು ಜೋಡಿಸಿದೆ. 340 ರೂಪಾಯಿಯವು ಆರು, 420ರವು ಏಳು, 520ರವು ನಾಲ್ಕು, 680ರವು ಮೂರು. ಕೊನೆಯ ಸಾಲಿನಲ್ಲಿ ಒಂದೇ ಒಂದು, 24,500. ಹುಬ್ಬಳ್ಳಿಯ ಕುಟುಂಬವೊಂದು ಮದುವೆಗೆ ಬಂದವರಿಗೆ ಕೊಡಲೆಂದು ಕಾಲು ಕೆ.ಜಿ.ಯ 100 ಪೊಟ್ಟಣ ತರಿಸಿಕೊಂಡಿತ್ತು. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿದ 20 ಆರ್ಡರುಗಳ ಸರಾಸರಿ 455. ಒಂದು ಮದುವೆ 455ನ್ನು 1,600 ಮಾಡಿತ್ತು.

ಮಧ್ಯಾಂಕವನ್ನು ನಾವೆಲ್ಲ ಶಾಲೆಯಲ್ಲಿ ಕಲಿತವರೇ: ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಬೆಲೆ. 21 ಆರ್ಡರುಗಳಲ್ಲಿ ಅದು ಹನ್ನೊಂದನೆಯದು, 420 ರೂಪಾಯಿ. ಮದುವೆಯ ಆರ್ಡರನ್ನು ತೆಗೆದರೂ 420, ಇಟ್ಟರೂ 420. ಒಂದು ಆರ್ಡರ್ ತರಲು 200 ರೂಪಾಯಿ ಖರ್ಚಾಗುತ್ತಿತ್ತು, 420ರ ಪೊಟ್ಟಣದಲ್ಲಿ ಉಳಿಯುತ್ತಿದ್ದುದು 147. ಜಾಹೀರಾತು ನೋಡಿ ಬಂದ ಸಾಮಾನ್ಯ ಗಿರಾಕಿಯೊಬ್ಬರ ಮೊದಲ ಖರೀದಿಯಲ್ಲಿ ನಮಗೆ 53 ರೂಪಾಯಿ ನಷ್ಟವಿತ್ತು. ಈ ವಿಷಯ ಆ ಎಂಟು ಪಟ್ಟಿನ ಸಂಭ್ರಮದ ಅಡಿಯಲ್ಲೇ ಇತ್ತು, ಪರದೆ ಅದನ್ನು ತೋರಿಸಲಿಲ್ಲ.

ಹಾಗೆಂದು ಮದುವೆಯ ಆರ್ಡರನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಸಗಟು ದರದಲ್ಲಿ ಕೊಟ್ಟರೂ ಅದರಲ್ಲಿ 4,900 ಉಳಿಯಿತು, ಆ ವಾರವನ್ನು ಲಾಭಕ್ಕೆ ತಂದದ್ದೇ ಅದು. ಕೇಳಬೇಕಾದ ಪ್ರಶ್ನೆ ಬೇರೆ: ಅದನ್ನು ತಂದದ್ದು ಜಾಹೀರಾತೇ? ಫೋನ್ ಮಾಡಿ ವಿಚಾರಿಸಿದೆ. ಅವರು ನಮ್ಮ ಹಳೆಯ ಗಿರಾಕಿಗಳು. ಮನೆಯಲ್ಲಿ ಮೊದಲೇ ತೀರ್ಮಾನಿಸಿದ್ದರು, ಅಂಗಡಿಯ ಪುಟ ತೆರೆಯಲು ಕಣ್ಣಿಗೆ ಬಿದ್ದ ಜಾಹೀರಾತನ್ನು ಒತ್ತಿದ್ದರು, ಅಷ್ಟೇ. ಒತ್ತಿದ ಏಳು ದಿನಗಳೊಳಗೆ ಖರೀದಿಯಾದರೆ ಈ ಸೇವೆ ಅದನ್ನು ಜಾಹೀರಾತಿನ ಖಾತೆಗೇ ಬರೆಯುತ್ತದೆ. ಖರ್ಚು ಮೂರು ಪಟ್ಟಾದರೆ ಮದುವೆಗಳು ಮೂರಾಗುವುದಿಲ್ಲ.

ಅಂದಿನಿಂದ ಪ್ರತಿ ಸೋಮವಾರ ಆರ್ಡರುಗಳನ್ನು ಇಳಿಸಿಕೊಂಡು, ಮೊತ್ತಗಳನ್ನು ಸ್ಪ್ರೆಡ್‌ಶೀಟಿನ ಒಂದು ಕಂಬಸಾಲಿನಲ್ಲಿಟ್ಟು ಮೂರು ಸೂತ್ರ ಹಾಕುತ್ತೇನೆ.

```
=AVERAGE(C2:C22)
=MEDIAN(C2:C22)
=QUARTILE(C2:C22,3)+1.5*(QUARTILE(C2:C22,3)-QUARTILE(C2:C22,1))
```

ಮೂರನೆಯದು ಗಡಿ. ಸಾಲಿನ ಕಾಲುಭಾಗದಲ್ಲಿರುವ ಬೆಲೆಗೂ ಮುಕ್ಕಾಲುಭಾಗದಲ್ಲಿರುವ ಬೆಲೆಗೂ ಇರುವ ಅಂತರವನ್ನು ಒಂದೂವರೆ ಪಟ್ಟು ಮಾಡಿ ಮೇಲಿನ ಬೆಲೆಗೆ ಸೇರಿಸುತ್ತದೆ. ಆ ವಾರದ ಮಟ್ಟಿಗೆ ಅವು 340 ಮತ್ತು 520, ಗಡಿ 790. ಎರಡು ಪೊಟ್ಟಣ ಕೊಂಡ 680ರವರು ಗಡಿಯೊಳಗೇ ಉಳಿಯುತ್ತಾರೆ, ಮದುವೆ ಹೊರಗೆ ನಿಲ್ಲುತ್ತದೆ. ಗಡಿ ದಾಟಿದ್ದನ್ನು ನಾನು ಅಳಿಸುವುದಿಲ್ಲ, ಬೇರೆ ಹಾಳೆಗೆ ಹಾಕಿ ಒಂದೊಂದನ್ನೂ ವಿಚಾರಿಸುತ್ತೇನೆ. ಕೆಲವು ಸಗಟು ಖರೀದಿ. ಒಮ್ಮೆ ಹಣ ಕಟ್ಟಿದ ಪುಟವನ್ನು ಗಿರಾಕಿ ಮತ್ತೆ ತೆರೆದದ್ದರಿಂದ ಒಂದೇ ಆರ್ಡರ್ ಎರಡು ಸಲ ದಾಖಲಾಗಿತ್ತು. ಇನ್ನೊಮ್ಮೆ ಹೊಸಬರೊಬ್ಬರು 9,000 ರೂಪಾಯಿಯದನ್ನು ಮನೆ ಬಾಗಿಲಲ್ಲಿ ಹಣ ಕೊಡುವುದಾಗಿ ತರಿಸಿ, ಕೊರಿಯರಿನವನು ಹೋದಾಗ ಬೇಡವೆಂದರು. ಪೆಟ್ಟಿಗೆ ವಾಪಸಾದರೂ ವರದಿಯ ಸರಾಸರಿಯಲ್ಲಿ ಆ 9,000 ಹಾಗೆಯೇ ಕುಳಿತಿತ್ತು. ಇದು ಈ ಸೇವೆ ತಿದ್ದಿಕೊಳ್ಳಲೇಬೇಕಾದ ದೋಷ.

ಮಧ್ಯಾಂಕಕ್ಕೂ ಮಿತಿಯಿದೆ, ಅದನ್ನು ದೀಪಾವಳಿ ಕಲಿಸಿತು. ಆಗ 420ರ ಪೊಟ್ಟಣದ ಜೊತೆ 1,250ರ ಉಡುಗೊರೆ ಪೆಟ್ಟಿಗೆಯನ್ನೂ ಜಾಹೀರಾತಿನಲ್ಲಿ ತೋರಿಸುತ್ತೇವೆ. ನೂರರಲ್ಲಿ 48 ಜನ ಪೆಟ್ಟಿಗೆ ಕೊಂಡಾಗ ಮಧ್ಯಾಂಕ 420. ಮರುವಾರ 52 ಜನ ಕೊಂಡರು, ಮಧ್ಯಾಂಕ ಒಮ್ಮೆಲೇ 1,250ಕ್ಕೆ ಹಾರಿತು. ಬದಲಾದದ್ದು ನಾಲ್ಕೇ ಜನ. ಅಂಥ ವಾರಗಳಲ್ಲಿ ಸರಾಸರಿಯೇ ಹೆಚ್ಚು ನಿಜ ಹೇಳುತ್ತದೆ, ಪೊಟ್ಟಣ ಮತ್ತು ಪೆಟ್ಟಿಗೆಗಳ ಲೆಕ್ಕವನ್ನು ಬೇರೆ ಬೇರೆ ಇಟ್ಟರೆ ಇನ್ನೂ ಒಳ್ಳೆಯದು. ಹಾಗೆಯೇ ಒಟ್ಟು ಮಾರಾಟ ಬೇಕಿದ್ದರೆ ಮಧ್ಯಾಂಕವನ್ನು ಆರ್ಡರುಗಳ ಸಂಖ್ಯೆಯಿಂದ ಗುಣಿಸಬಾರದು. ಮದುವೆಯ ವಾರಕ್ಕೆ ಹಾಗೆ ಮಾಡಿದರೆ 8,820 ಬರುತ್ತದೆ, ನಿಜವಾಗಿ ಆದ ಮಾರಾಟ 33,600.

ಈಗ ಜಾಹೀರಾತಿನ ಖರ್ಚನ್ನು ಏರಿಸುವ ಮೊದಲು ನೋಡುವುದು ಸರಾಸರಿಗೂ ಮಧ್ಯಾಂಕಕ್ಕೂ ಇರುವ ಅಂತರವನ್ನು. 455 ಮತ್ತು 420ರಂತೆ ಹತ್ತಿರವಿದ್ದರೆ ಸರಾಸರಿಯನ್ನು ನಂಬುತ್ತೇನೆ. ಬಹಳ ದೂರವಿದ್ದರೆ ಬೇರೆ ಹಾಳೆ ತೆರೆಯುತ್ತೇನೆ. ಸಗಟು ಆರ್ಡರುಗಳು ತಿಂಗಳಿಗೊಂದರಂತೆ ತಪ್ಪದೆ ಬರತೊಡಗಿದಾಗ ಅವಕ್ಕೆಂದೇ ಪ್ರತ್ಯೇಕ ಜಾಹೀರಾತು ಮಾಡಿದೆವು, ಅದರ ಲೆಕ್ಕವೂ ಪ್ರತ್ಯೇಕ. ಪುಡಿಯ ಜಾಹೀರಾತಿನಲ್ಲಿ ಎರಡು ಪೊಟ್ಟಣವನ್ನು ಒಟ್ಟಿಗೆ 780ಕ್ಕೆ ಕೊಡುತ್ತಿದ್ದೇವೆ. ನಡುವಿನ ಗಿರಾಕಿ 420ರಿಂದ ಮೇಲೇರಿದರೆ ಮಾತ್ರ 200 ರೂಪಾಯಿಯ ಖರ್ಚು ಹೊರೆಯಾಗುವುದಿಲ್ಲ.

ಚಂದಾವನ್ನು ಈ ವರ್ಷವೂ ಮುಂದುವರಿಸಿದ್ದೇನೆ, ಆರ್ಡರುಗಳನ್ನು ಒಂದೊಂದಾಗಿ ಇಳಿಸಿಕೊಳ್ಳಲು ಬಿಡುತ್ತಾರೆ ಎಂಬ ಕಾರಣಕ್ಕೆ. ಐದಕ್ಕೆ ಮೂರೂವರೆ ಅಂಕ. ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವನ್ನೂ ಅತಿ ದೊಡ್ಡ ಮೂರು ಆರ್ಡರುಗಳನ್ನೂ ತೋರಿಸಿ ಎಂದು ಎರಡು ಸಲ ಬರೆದಿದ್ದೇನೆ. ತೋರಿಸಿದ ದಿನ ಉಳಿದ ಒಂದು ಅಂಕವನ್ನೂ ಸೇರಿಸುತ್ತೇನೆ. ಅರ್ಧ ಅಂಕ ಮಾತ್ರ ಆ 9,000 ಲೆಕ್ಕದಿಂದ ಇಳಿಯುವವರೆಗೆ ನನ್ನ ಬಳಿಯೇ ಇರಲಿ.