ಚೌಕದ ಬದಲು ವೃತ್ತ: ±ಟಾಲರೆನ್ಸನ್ನು ಪೊಸಿಷನ್ ಟಾಲರೆನ್ಸಿಗೆ ಬದಲಿಸುವ ಮೂರು ದಾರಿಗಳ ಹೋಲಿಕೆ

ಹಳೆಯ ಡ್ರಾಯಿಂಗ್‌ಗಳಲ್ಲಿ ರಂಧ್ರದ ಕೇಂದ್ರಕ್ಕೆ ಎರಡು ಅಂಚುಗಳಿಂದ ಅಳತೆ ಕೊಟ್ಟು, ಎರಡಕ್ಕೂ ±0.1 ಮಿ.ಮೀ. ಎಂದು ಬರೆದಿರುವುದು ಸಾಮಾನ್ಯ. ಹಾಗೆ ಬರೆದಾಗ ಕೇಂದ್ರ ಬೀಳಬಹುದಾದ ಜಾಗವು 0.2 ಮಿ.ಮೀ. ಬದಿಯ ಒಂದು ಚೌಕವಾಗುತ್ತದೆ. ಅದೇ ಡ್ರಾಯಿಂಗನ್ನು ಪೊಸಿಷನ್ ಟಾಲರೆನ್ಸಿಗೆ ಬದಲಿಸುವಾಗ ಈ ಚೌಕದ ಜಾಗದಲ್ಲಿ ವೃತ್ತ ಬರುತ್ತದೆ, ಮತ್ತು ಆ ವೃತ್ತದ ವ್ಯಾಸ ಎಷ್ಟಿರಬೇಕೆಂಬ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರಗಳು ಬಳಕೆಯಲ್ಲಿವೆ. ಒಂದೇ ಬಗೆಯ ಭಾಗಕ್ಕೆ ಮೂರನ್ನೂ ಹಚ್ಚಿ, ಅದೇ ಅಳತೆಯ ಹಾಳೆಯನ್ನು ಮೂರು ಮಿತಿಗಳಿಗೂ ಒರೆಹಚ್ಚಿ ನೋಡಿದ ಮೇಲೆ ನನಗೆ ಖಚಿತವಾದ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಚೌಕದ ನಾಲ್ಕೂ ಮೂಲೆಗಳನ್ನು ಮುಟ್ಟುವ ಹೊರವೃತ್ತ. ಇದರ ವ್ಯಾಸ ಚೌಕದ ಕರ್ಣಕ್ಕೆ ಸಮ. ಎರಡನೆಯದು ನಾಲ್ಕೂ ಬದಿಗಳನ್ನು ಒಳಗಿನಿಂದ ಮುಟ್ಟುವ ಒಳವೃತ್ತ. ಇದರ ವ್ಯಾಸ ಚೌಕದ ಬದಿಯಷ್ಟೇ. ಮೂರನೆಯದು ಚೌಕದಷ್ಟೇ ವಿಸ್ತೀರ್ಣವಿರುವ ವೃತ್ತ. ಎರಡು ದಿಕ್ಕಿನ ಟಾಲರೆನ್ಸನ್ನು ±a, ±b ಎಂದಿಟ್ಟುಕೊಂಡರೆ ಸೂತ್ರಗಳು ಹೀಗಾಗುತ್ತವೆ:

```
ಹೊರವೃತ್ತ:        D = 2 × √(a² + b²)
ಒಳವೃತ್ತ:         D = 2 × (a, b ಗಳಲ್ಲಿ ಚಿಕ್ಕದು)
ಸಮವಿಸ್ತೀರ್ಣ:     D = 4 × √(a × b / π)
```

±0.1ಕ್ಕೆ ಈ ಸೂತ್ರಗಳು ಕ್ರಮವಾಗಿ 0.283, 0.2 ಮತ್ತು 0.226 ಮಿ.ಮೀ. ಕೊಡುತ್ತವೆ. ಚೌಕದ ವಿಸ್ತೀರ್ಣಕ್ಕೆ ಹೋಲಿಸಿದರೆ ಹೊರವೃತ್ತದ್ದು ಶೇ. 57ರಷ್ಟು ಹೆಚ್ಚು, ಒಳವೃತ್ತದ್ದು ಸುಮಾರು ಶೇ. 21.5ರಷ್ಟು ಕಡಿಮೆ. ಒಂದೇ ±0.1ರಿಂದ ಹೊರಟು ಇಷ್ಟು ದೂರದೂರದ ಉತ್ತರಗಳು ಬರುವುದರಿಂದ, ಯಾವುದನ್ನು ಬರೆಯುತ್ತೇವೆ ಎಂಬುದರ ಮೇಲೆ ಸಾಕಷ್ಟು ಭಾಗಗಳ ಹಣೆಬರಹ ನಿಂತಿದೆ.

ಅಳತೆಯ ಹಾಳೆಯಲ್ಲಿ ಇದು ಹೇಗೆ ಕಾಣುತ್ತದೆಂದು ಹೇಳಲು ಮೂರು ರಂಧ್ರಗಳು ಸಾಕು. ಪ್ರತಿ ರಂಧ್ರದ ಪೊಸಿಷನ್ ಮೌಲ್ಯವೆಂದರೆ ಎಕ್ಸ್ ಮತ್ತು ವೈ ದಿಕ್ಕಿನ ತಪ್ಪುವಿಕೆಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದ ಸಂಖ್ಯೆ.

| ರಂಧ್ರ | ಎಕ್ಸ್ ತಪ್ಪು | ವೈ ತಪ್ಪು | ಪೊಸಿಷನ್ ಮೌಲ್ಯ | ಚೌಕ ±0.1 | ಹೊರವೃತ್ತ 0.283 | ಸಮವಿಸ್ತೀರ್ಣ 0.226 | ಒಳವೃತ್ತ 0.2 |
|---|---|---|---|---|---|---|---|
| ಒಂದು | 0.09 | 0.09 | 0.255 | ಪಾಸ್ | ಪಾಸ್ | ರಿಜೆಕ್ಟ್ | ರಿಜೆಕ್ಟ್ |
| ಎರಡು | 0.12 | 0.02 | 0.243 | ರಿಜೆಕ್ಟ್ | ಪಾಸ್ | ರಿಜೆಕ್ಟ್ | ರಿಜೆಕ್ಟ್ |
| ಮೂರು | 0.11 | 0.01 | 0.221 | ರಿಜೆಕ್ಟ್ | ಪಾಸ್ | ಪಾಸ್ | ರಿಜೆಕ್ಟ್ |

ಮೊದಲ ಎರಡು ಸಾಲುಗಳನ್ನು ಜೊತೆಗಿಟ್ಟು ನೋಡಬೇಕು. ಸರಿಯಾದ ಜಾಗದಿಂದ ಹೆಚ್ಚು ದೂರ ಸರಿದಿರುವುದು ಒಂದನೆಯ ರಂಧ್ರ. ಆದರೂ ಚೌಕವು ಅದನ್ನು ಒಪ್ಪಿಕೊಂಡು, ಹತ್ತಿರವಿರುವ ಎರಡನೆಯದನ್ನು ತಿರಸ್ಕರಿಸುತ್ತದೆ. ದುಂಡಗಿನ ರಂಧ್ರದೊಳಗೆ ದುಂಡಗಿನ ಸ್ಕ್ರೂ ಇಳಿಯುವಾಗ ತಪ್ಪು ಯಾವ ದಿಕ್ಕಿಗೆ ಇದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಎಷ್ಟು ದೂರವಿದೆ ಎಂಬುದಷ್ಟೇ ಬರುತ್ತದೆ. ಮೂಲೆಯಲ್ಲಿ 0.141 ಮಿ.ಮೀ. ಸರಿದ ರಂಧ್ರ ಜೋಡಣೆಗೆ ಸರಿಹೋಗುವುದಾದರೆ, ಅಷ್ಟೇ ದೂರ ನೇರ ಬಲಕ್ಕೆ ಸರಿದ ರಂಧ್ರವೂ ಸರಿಹೋಗಲೇಬೇಕು. ಹೊರವೃತ್ತದ ಪರವಾಗಿ ಹೇಳುವ ವಾದವೆಲ್ಲ ಇಷ್ಟೇ, ಮತ್ತು ಅದು ಗಟ್ಟಿ ವಾದ.

ಆದರೆ ಆ ವಾಕ್ಯದಲ್ಲಿರುವ ‘ಸರಿಹೋಗುವುದಾದರೆ’ ಎಂಬ ಷರತ್ತನ್ನು ಹೆಚ್ಚಿನವರು ಪರೀಕ್ಷಿಸದೆಯೇ ಮುಂದೆ ಹೋಗುತ್ತಾರೆ. ಡ್ರಾಯಿಂಗ್ ಮೂಲೆಯನ್ನು ಅನುಮತಿಸಿತ್ತು ಎಂದಮಾತ್ರಕ್ಕೆ ಮೂಲೆಯಲ್ಲಿರುವ ರಂಧ್ರ ಕೆಲಸ ಮಾಡುತ್ತದೆ ಎಂದಾಗುವುದಿಲ್ಲ. ±ಟಾಲರೆನ್ಸ್ ಬರೆದವರು ಪ್ರತಿ ದಿಕ್ಕನ್ನೂ ಪ್ರತ್ಯೇಕವಾಗಿ ಯೋಚಿಸಿ, ಎರಡೂ ಒಟ್ಟಿಗೆ ಕೊನೆಯ ಮಿತಿಗೆ ಹೋದರೆ ಏನಾಗುತ್ತದೆಂದು ನೋಡದೆಯೇ ಇದ್ದಿರಬಹುದು. ತಯಾರಿಕೆಯಲ್ಲಿ ಕೇಂದ್ರಗಳು ಮೂಲೆಯ ತನಕ ಹೋಗುವುದು ಅಪರೂಪವಾದ್ದರಿಂದ, ವರ್ಷಗಟ್ಟಲೆ ತೊಂದರೆಯಿಲ್ಲದೆ ನಡೆದ ಡ್ರಾಯಿಂಗ್‌ನಲ್ಲೂ ಈ ದೋಷ ಅಡಗಿ ಕುಳಿತಿರಬಹುದು.

ಇದನ್ನು ಕಂಡುಹಿಡಿಯುವ ಕ್ರಮ ಸರಳವಾಗಿದೆ. ನಾನು ಹೋಲಿಕೆಗೆ ತೆಗೆದುಕೊಂಡದ್ದು ಒಂದು ಮುಚ್ಚಳದ ಪ್ಲೇಟ್. ಅದರ ನಾಲ್ಕು ರಂಧ್ರಗಳ ಮೂಲಕ ಎಂ6 ಸ್ಕ್ರೂಗಳು ಹಾದು, ಕೆಳಗಿನ ಬ್ಲಾಕ್‌ನಲ್ಲಿರುವ ಟ್ಯಾಪ್ ಮಾಡಿದ ರಂಧ್ರಗಳಿಗೆ ಹೋಗುತ್ತವೆ. ಮುಚ್ಚಳದ ರಂಧ್ರ ಕನಿಷ್ಠ 6.6 ಮಿ.ಮೀ.; ಐಎಸ್‌ಒ 273ರಲ್ಲಿ ಎಂ6ಗೆ ಮಧ್ಯಮ ಶ್ರೇಣಿಯ ಕ್ಲಿಯರೆನ್ಸ್ ರಂಧ್ರದ ಅಳತೆಯೂ ಅದೇ. ಸ್ಕ್ರೂವಿನ ಗರಿಷ್ಠ ವ್ಯಾಸ 6 ಮಿ.ಮೀ. ಒಟ್ಟು ಸಡಿಲ 0.6, ಅಂದರೆ ಕೇಂದ್ರದಿಂದ ಯಾವ ಕಡೆಗಾದರೂ 0.3 ಮಿ.ಮೀ. ಮುಚ್ಚಳಕ್ಕೂ ಬ್ಲಾಕಿಗೂ ±0.1 ಇದ್ದಾಗ, ಎರಡೂ ಎದುರುಬದುರಿನ ಮೂಲೆಗಳಿಗೆ ಹೋದರೂ ನಡುವಿನ ಅಂತರ 0.141ರ ಎರಡರಷ್ಟು, ಅಂದರೆ 0.283. ಇದು 0.3ಕ್ಕಿಂತ ಕಡಿಮೆಯಾದ್ದರಿಂದ ಸ್ಕ್ರೂ ಇಳಿಯುತ್ತದೆ. ಇಲ್ಲಿ ಮೂಲೆ ನಿಜವಾಗಿಯೂ ಕೆಲಸ ಮಾಡುವ ಜಾಗ; ಆದ್ದರಿಂದ ಹೊರವೃತ್ತವೇ ಸರಿಯಾದ ಬದಲಿ. ಬರೆಯುವಾಗ ಕೆಳಕ್ಕೆ ಇಳಿಸಿ 0.28 ಎಂದು ಬರೆದರೆ ಒಳ್ಳೆಯದು.

ಈಗ ಅದೇ ಭಾಗಕ್ಕೆ ±0.15 ಇದ್ದಿತೆಂದು ಇಟ್ಟುಕೊಳ್ಳೋಣ. ಮೂಲೆ 0.212 ಮಿ.ಮೀ. ದೂರಕ್ಕೆ ಹೋಗುತ್ತದೆ, ಎರಡೂ ಭಾಗಗಳದ್ದು ಸೇರಿ 0.424 ಆಗುತ್ತದೆ, ಇರುವ ಸಡಿಲ 0.3 ಮಾತ್ರ. ಪ್ರತಿ ದಿಕ್ಕನ್ನು ಬೇರೆಯಾಗಿ ನೋಡಿದಾಗ 0.15ಕ್ಕೆ 0.15 ಕೂಡಿ ಸರಿಯಾಗಿ 0.3 ಆಗುವುದರಿಂದ ಲೆಕ್ಕ ಹೊಂದಿಕೊಂಡಂತೆ ಕಾಣುತ್ತದೆ, ಆದರೆ ಮೂಲೆಯಲ್ಲಿ ಸ್ಕ್ರೂ ತಡೆಯುತ್ತದೆ. ಇಂಥ ಡ್ರಾಯಿಂಗಿಗೆ ಕರ್ಣದ ಸೂತ್ರ ಹಚ್ಚಿ 0.42 ಎಂದು ಬರೆದರೆ, ಮೊದಲು ನಾಲ್ಕು ಮೂಲೆಗಳಿಗೆ ಮಾತ್ರ ಸೀಮಿತವಾಗಿದ್ದ ತಪ್ಪನ್ನು ವೃತ್ತದ ಅಂಚಿನುದ್ದಕ್ಕೂ ಹರಡಿದಂತಾಗುತ್ತದೆ. ಟ್ಯಾಪ್ ಮಾಡಿದ ರಂಧ್ರದಲ್ಲಿ ಸ್ಕ್ರೂ ಸ್ಥಿರವಾಗಿ ನಿಲ್ಲುವ ಇಂಥ ಜೋಡಣೆಗೆ ಎಎಸ್‌ಎಂಇ ವೈ14.5 ಮಾನದಂಡದ ಅನುಬಂಧದಲ್ಲಿರುವ ಸೂತ್ರವೂ ಇದನ್ನೇ ಹೇಳುತ್ತದೆ: ರಂಧ್ರದ ಕನಿಷ್ಠ ವ್ಯಾಸದಿಂದ ಸ್ಕ್ರೂವಿನ ಗರಿಷ್ಠ ವ್ಯಾಸವನ್ನು ಕಳೆದು, ಉಳಿದದ್ದನ್ನು ಎರಡು ಭಾಗಗಳಿಗೆ ಹಂಚಬೇಕು. 6.6ರಲ್ಲಿ 6 ಕಳೆದು ಅರ್ಧ ಮಾಡಿದರೆ ಪ್ರತಿ ಭಾಗಕ್ಕೆ 0.3 ಬರುತ್ತದೆ. ±0.15ರ ಒಳವೃತ್ತದ ವ್ಯಾಸವೂ 0.3. ಹಾಗಾಗಿ ±0.1ಕ್ಕೆ ವಿನಾಕಾರಣ ಬಿಗಿಯಾಗಿದ್ದ ಒಳವೃತ್ತವೇ ±0.15ಕ್ಕೆ ಸರಿಯಾದ ಉತ್ತರ. ಚೌಕವನ್ನು ಮಾತ್ರ ನೋಡುತ್ತ ಕುಳಿತವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ; ಸ್ಕ್ರೂ ಮತ್ತು ರಂಧ್ರದ ಅಳತೆಗಳನ್ನು ಕೈಗೆತ್ತಿಕೊಂಡಾಗ ಮಾತ್ರ ಕಾಣುತ್ತದೆ. (ಈ ಸೂತ್ರ ಟ್ಯಾಪ್ ರಂಧ್ರ ನೆಟ್ಟಗಿದೆ ಎಂದು ಭಾವಿಸುತ್ತದೆ. ಅದು ವಾಲಿದ್ದರೆ ಸ್ಕ್ರೂ ಮೇಲೆ ಹೋದಂತೆ ಇನ್ನಷ್ಟು ಸರಿಯುತ್ತದೆ. ಆದ್ದರಿಂದ ಬ್ಲಾಕಿನ ಟಾಲರೆನ್ಸ್ ವಲಯವನ್ನು ಮುಚ್ಚಳದ ದಪ್ಪದಷ್ಟು ಹೊರಕ್ಕೆ ಚಾಚಿ ಹೇಳಬೇಕು.)

ಸಮವಿಸ್ತೀರ್ಣದ ದಾರಿಗೆ ಬೆಂಬಲ ಕೊಡುವವರು ಅದು ತಯಾರಕರಿಗೂ ಬಳಸುವವರಿಗೂ ಲಾಭ ನಷ್ಟವಿಲ್ಲದ ಒಪ್ಪಂದವೆನ್ನುತ್ತಾರೆ. ರಿಜೆಕ್ಟ್ ಪ್ರಮಾಣದ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ತಪ್ಪುಗಳು ಎರಡೂ ದಿಕ್ಕಿಗೆ ಸಮಾನವಾಗಿ, 0.05 ಮಿ.ಮೀ. ಪ್ರಮಾಣ ವಿಚಲನೆಯೊಂದಿಗೆ ಸಹಜ ವಿತರಣೆಯಲ್ಲಿ ಹರಡಿವೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಚೌಕದಲ್ಲಿ ಸುಮಾರು ಶೇ. 8.9, ಸಮವಿಸ್ತೀರ್ಣ ವೃತ್ತದಲ್ಲಿ ಶೇ. 7.8, ಒಳವೃತ್ತದಲ್ಲಿ ಶೇ. 13.5, ಹೊರವೃತ್ತದಲ್ಲಿ ಶೇ. 1.8 ರಂಧ್ರಗಳು ಹೊರಗುಳಿಯುತ್ತವೆ. ಆದರೂ ನಾನು ಇದನ್ನು ಡ್ರಾಯಿಂಗ್ ಮೇಲೆ ಬರೆಯಲು ಒಪ್ಪುವುದಿಲ್ಲ. ವಿಸ್ತೀರ್ಣಕ್ಕೂ ಸ್ಕ್ರೂ ಇಳಿಯುವುದಕ್ಕೂ ಯಾವ ಸಂಬಂಧವೂ ಇಲ್ಲ. ನಿನ್ನೆ ಪಾಸಾದ ಒಂದನೆಯ ರಂಧ್ರವನ್ನು ಅದು ಇಂದು ರಿಜೆಕ್ಟ್ ಮಾಡುತ್ತದೆ, ನಿನ್ನೆ ರಿಜೆಕ್ಟಾದ ಮೂರನೆಯದನ್ನು ಇಂದು ಪಾಸ್ ಮಾಡುತ್ತದೆ, ಮತ್ತು ಎರಡಕ್ಕೂ ಜೋಡಣೆಯ ಕಡೆಯಿಂದ ಕೊಡಬಹುದಾದ ಕಾರಣವೊಂದೂ ಇರುವುದಿಲ್ಲ.

ಎರಡು ದಿಕ್ಕಿನ ಟಾಲರೆನ್ಸ್‌ಗಳು ಬೇರೆ ಬೇರೆಯಾಗಿದ್ದರೆ ಮೂರೂ ದಾರಿಗಳು ಸೋಲುತ್ತವೆ. ಒಂದು ಕಡೆ ±0.15, ಇನ್ನೊಂದು ಕಡೆ ±0.05 ಇರುವ ಆಯತಕ್ಕೆ ಕರ್ಣದ ಸೂತ್ರ 0.316 ಕೊಡುತ್ತದೆ. ಅಂದರೆ 0.05 ಮಾತ್ರ ಸರಿಯಬಹುದಾಗಿದ್ದ ದಿಕ್ಕಿನಲ್ಲಿ ಈಗ 0.158 ಸರಿಯಬಹುದು, ಮೂರು ಪಟ್ಟಿಗೂ ಹೆಚ್ಚು. ಒಳವೃತ್ತ ತೆಗೆದುಕೊಂಡರೆ ಇನ್ನೊಂದು ದಿಕ್ಕಿನ ಸ್ವಾತಂತ್ರ್ಯದ ಮೂರನೆಯ ಎರಡು ಭಾಗ ಕೈಬಿಟ್ಟಂತಾಗುತ್ತದೆ. ಇಂಥ ಅಸಮಾನತೆಯನ್ನು ಯಾರೋ ಬೇಕೆಂದೇ ಕೊಟ್ಟಿರುವ ಸಾಧ್ಯತೆ ಹೆಚ್ಚು: ಎದುರು ಭಾಗದಲ್ಲಿ ಉದ್ದ ಸ್ಲಾಟ್ ಇರಬಹುದು, ಅಥವಾ ಆ ದಿಕ್ಕಿನಲ್ಲಿ ಎರಡು ಗೇರ್‌ಗಳ ಕೇಂದ್ರಾಂತರ ಇರಬಹುದು. ಇಲ್ಲಿ ವ್ಯಾಸದ ಚಿಹ್ನೆ ಹಾಕದೆ, ಒಂದು ದಿಕ್ಕಿಗೆ 0.3, ಇನ್ನೊಂದಕ್ಕೆ 0.1 ಎಂದು ಎರಡು ಪ್ರತ್ಯೇಕ ಪೊಸಿಷನ್ ಟಾಲರೆನ್ಸ್‌ಗಳನ್ನು ಕೊಡುವುದೇ ಸರಿ. ಮಾನದಂಡವೂ ಇದಕ್ಕೆ ಅವಕಾಶ ಕೊಡುತ್ತದೆ.

ಯಾವ ದಾರಿ ಹಿಡಿದರೂ ಕೆಲಸಕ್ಕೆ ಇಳಿಯುವ ಮುನ್ನ ಅಳತೆಗಳು ಎಲ್ಲಿಂದ ಹೊರಟಿವೆ ಎಂದು ನೋಡಬೇಕು. ಮೇಲಿನ ಸೂತ್ರಗಳೆಲ್ಲ ಪ್ರತಿ ರಂಧ್ರಕ್ಕೂ ಅವೇ ಎರಡು ಅಂಚುಗಳಿಂದ ನೇರವಾಗಿ ಅಳತೆ ಇದ್ದಾಗ ಅನ್ವಯಿಸುತ್ತವೆ. ಮೊದಲ ರಂಧ್ರಕ್ಕೆ ಅಂಚಿನಿಂದ, ಎರಡನೆಯದಕ್ಕೆ ಮೊದಲನೆಯದರಿಂದ, ಮೂರನೆಯದಕ್ಕೆ ಎರಡನೆಯದರಿಂದ ಸರಪಳಿಯಂತೆ ಅಳತೆ ಕೊಟ್ಟಿದ್ದರೆ, ಅಂಚಿನಿಂದ ನೋಡಿದಾಗ ಮೂರನೆಯದರ ಚೌಕ ±0.1 ಅಲ್ಲ, ±0.3. ಅಲ್ಲಿ ಒಂದೇ ವ್ಯಾಸವನ್ನು ಎಲ್ಲ ರಂಧ್ರಗಳಿಗೂ ಹಚ್ಚುವಂತಿಲ್ಲ. ರಂಧ್ರಗಳ ಗುಂಪು ಅಂಚಿನಿಂದ ಎಷ್ಟು ಸರಿಯಬಹುದು, ಗುಂಪಿನೊಳಗೆ ರಂಧ್ರಗಳು ಪರಸ್ಪರ ಎಷ್ಟು ಸರಿಯಬಹುದು ಎಂದು ಬೇರ್ಪಡಿಸಿ ಎರಡು ಸಾಲಿನ ಟಾಲರೆನ್ಸ್ ಕೊಡಬೇಕಾಗುತ್ತದೆ.

ಕೊನೆಯದಾಗಿ, ಬದಲಾವಣೆಯಾದ ಮೇಲೂ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತವರಿಗೆ ಎಕ್ಸ್, ವೈ ಮಿತಿಗಳು ಬೇಕೇ ಬೇಕು. ವ್ಯಾಸವನ್ನು 0.35ರಿಂದ ಗುಣಿಸಿದರೆ ಆ ± ಮಿತಿ ಸಿಗುತ್ತದೆ, 0.28ಕ್ಕೆ ಅದು ±0.098. ಈ ಚಿಕ್ಕ ಚೌಕ ವೃತ್ತದ ಒಳಗೇ ಇರುವುದರಿಂದ ಯಂತ್ರವನ್ನು ಹೊಂದಿಸಲು ಅದು ಸುರಕ್ಷಿತ, ಆದರೆ ಅದರ ಆಧಾರದ ಮೇಲೆ ಭಾಗವನ್ನು ರಿಜೆಕ್ಟ್ ಮಾಡಬಾರದು. ತಪಾಸಣೆಯ ಹಾಳೆಯಲ್ಲಿ ಎಲ್ಲ ಪೊಸಿಷನ್ ಮೌಲ್ಯಗಳೂ ನಿರೀಕ್ಷೆಗಿಂತ ಸರಿಯಾಗಿ ಅರ್ಧದಷ್ಟಿದ್ದರೆ, ಸೂತ್ರದ ಮುಂದಿನ ಎರಡರ ಗುಣಕ ಬಿಟ್ಟುಹೋಗಿ ತ್ರಿಜ್ಯವನ್ನು ವ್ಯಾಸವೆಂದು ಬರೆದಿರುತ್ತಾರೆ. ಡ್ರಾಯಿಂಗ್‌ನಲ್ಲಿ ಅದೇ ತಪ್ಪಾದಾಗ ±0.1ಕ್ಕೆ 0.28ರ ಬದಲು 0.14 ಎಂದು ನಮೂದಾಗುತ್ತದೆ, ಮತ್ತು ಅದು ಒಳವೃತ್ತಕ್ಕಿಂತಲೂ ಚಿಕ್ಕದು.