ಜುಲೈ ತಿಂಗಳ ಬಿಸಿಲಿಗೆ ಬೇಲಿ: ಒಂದೇ ಝಟಕಾ ಮಷಿನ್, ಮೂರು ಜೋಡಣೆ

ಗೋವಾದ ಕಾಣಕೋಣ ತಾಲ್ಲೂಕಿನಲ್ಲಿ ನಮ್ಮ ತೋಟವೂ ಭಾವನವರ ತೋಟವೂ ಒಂದೇ ಹಳ್ಳದ ಎರಡು ದಂಡೆಗಳಲ್ಲಿವೆ. ದನ ಮತ್ತು ಕಾಡುಹಂದಿಗಳ ಕಾಟ ಇಬ್ಬರಿಗೂ ಸಮಾನವಾದುದರಿಂದ, ಎರಡೂವರೆ ಎಕರೆಯ ಸುತ್ತ ಮೂರೆಳೆ ತಂತಿಯ ಸೋಲಾರ್ ಬೇಲಿಯನ್ನು ಇಬ್ಬರೂ ಒಟ್ಟಿಗೆ ಹಾಕಿಸಿ, ತಂತಿಗೆ ಬಿಟ್ಟುಬಿಟ್ಟು ವಿದ್ಯುತ್ ಹೊಡೆತ ಕೊಡುವ ಝಟಕಾ ಮಷಿನ್ ಒಂದೇ ಮಾದರಿಯದನ್ನು ಖರೀದಿಸಿದೆವು. ವ್ಯತ್ಯಾಸವಿದ್ದದ್ದು ಪ್ಯಾನೆಲ್ ಮತ್ತು ಬ್ಯಾಟರಿಯಲ್ಲಿ ಮಾತ್ರ. ಭಾವನವರು ಅಂಗಡಿಯವರು ಕಿಟ್ ಎಂದು ಕೊಟ್ಟ 20 ವಾಟ್ ಪ್ಯಾನೆಲ್ ಮತ್ತು 12 ವೋಲ್ಟ್ 18 ಆಂಪಿಯರ್-ಅವರ್ ಬ್ಯಾಟರಿಯನ್ನು ಹಾಗೆಯೇ ಇಟ್ಟುಕೊಂಡರು. ನಾನು 40 ವಾಟ್ ಪ್ಯಾನೆಲ್, 40 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಹಾಗೂ ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಪ್ರತ್ಯೇಕ ಚಾರ್ಜ್ ಕಂಟ್ರೋಲರ್ ಹಾಕಿಸಿದೆ. ಮಳೆಯೂ ಮೋಡವೂ ಇಬ್ಬರಿಗೂ ಒಂದೇ ಆಗಿದ್ದುದರಿಂದ ಹೋಲಿಕೆ ತಾನಾಗಿಯೇ ಒದಗಿ ಬಂತು.

ಮೊದಲು ಮಷಿನ್ ದಿನಕ್ಕೆ ಎಷ್ಟು ತಿನ್ನುತ್ತದೆ ಎಂಬುದನ್ನು ತಿಳಿಯಬೇಕಿತ್ತು. ಮಲ್ಟಿಮೀಟರನ್ನು ತಂತಿಯ ನಡುವೆ ಇಟ್ಟರೆ ಪ್ರತಿ ಪಲ್ಸಿಗೂ ಅಂಕಿ ಕುಣಿಯುವುದರಿಂದ ಅದನ್ನು ನಂಬಲಾಗದು. ಆದ್ದರಿಂದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಪ್ಯಾನೆಲ್ ಕಳಚಿ, 24 ಗಂಟೆ ಮಷಿನ್ ಓಡಿಸಿ, ಮತ್ತೆ ತುಂಬಿಸಲು ಎಷ್ಟು ಬೇಕಾಯಿತು ಎಂಬುದನ್ನು ಲೆಕ್ಕ ತೋರಿಸುವ ಚಾರ್ಜರಿನಲ್ಲಿ ಓದಿದೆ: 4.1 ಆಂಪಿಯರ್-ಅವರ್. ಚಾರ್ಜಿಂಗಿನಲ್ಲಿ ಆಗುವ ನಷ್ಟವೂ ಇದರಲ್ಲಿಯೇ ಸೇರಿದೆ. ಕಾಗದದ ಲೆಕ್ಕವೂ ಇದಕ್ಕೆ ಹತ್ತಿರ ಬರುತ್ತದೆ. 2 ಜೂಲ್ ಸಂಗ್ರಹಿಸುವ ಮಷಿನ್ ನಿಮಿಷಕ್ಕೆ 45 ಬಾರಿ ಹೊಡೆದರೆ ಒಂದೂವರೆ ವಾಟ್ ಆಗುತ್ತದೆ, ಅದರ ಮೇಲೆ ಸರ್ಕ್ಯೂಟಿನ ಸ್ವಂತ ಖರ್ಚು ಸೇರುತ್ತದೆ. ಪೆಟ್ಟಿಗೆಯ ಮೇಲೆ ಜೂಲ್ ಅಂಕಿಯನ್ನು ನೋಡುವಾಗ ಅದು ಒಳಗೆ ಸಂಗ್ರಹವಾಗುವುದೋ ತಂತಿಗೆ ಹೊರಬೀಳುವುದೋ ಎಂದು ಕೇಳಿಕೊಳ್ಳಬೇಕು; ಬ್ಯಾಟರಿಯ ಲೆಕ್ಕಕ್ಕೆ ಬೇಕಾದದ್ದು ಮೊದಲನೆಯದು.

ಈಗ ಆದಾಯದ ಕಡೆ. 20 ವಾಟ್ ಪ್ಯಾನೆಲ್ ಪೂರ್ಣ ಬಿಸಿಲಿನಲ್ಲಿ ಸುಮಾರು 1.1 ಆಂಪಿಯರ್ ಕೊಡುತ್ತದೆ. ಜನವರಿಯ ದಿನವೊಂದನ್ನು ಐದೂವರೆ ಗಂಟೆ ಪೂರ್ಣ ಬಿಸಿಲಿಗೆ ಸಮವೆಂದು ಹಿಡಿದು, ಧೂಳು, ತಂತಿ, ಶಾಖಗಳ ನಷ್ಟ ಕಳೆದರೆ 5.1 ಆಂಪಿಯರ್-ಅವರ್ ಸಿಗುತ್ತದೆ, ಅಂದರೆ ಖರ್ಚಿಗಿಂತ ಒಂದು ಹೆಚ್ಚು. ಕಿಟ್ ಸರಿಯಾಗಿಯೇ ಇದೆ ಎಂದು ಅಂಗಡಿಯವರು ಹೇಳಿದ್ದು ಈ ಅರ್ಥದಲ್ಲಿ ಸುಳ್ಳಲ್ಲ. ಆದರೆ ಮಳೆಗಾಲದ ಮೋಡದ ದಿನಕ್ಕೆ ನಾನು ಎರಡೂವರೆ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಆಗ ಅದೇ ಪ್ಯಾನೆಲ್ ಕೊಡುವುದು 2.3. ದಿನಕ್ಕೆ 1.8 ಸಾಲ ಬೀಳುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ನಿಯಮದಂತೆ 18ರಲ್ಲಿ ಬಳಸಬಹುದಾದದ್ದು 9 ಮಾತ್ರ. ಅದು ಐದು ದಿನದ ಮಾತು.

ಜೂನ್‌ನ ಕೊನೆಯ ವಾರ ಮಳೆ ಹಿಡಿದಾಗ ನಡೆದದ್ದೂ ಇದೇ. ಆರನೆಯ ಬೆಳಗ್ಗೆ ಆರು ಗಂಟೆಗೆ ಭಾವ ಫೋನ್ ಮಾಡಿ, "ಮಷಿನ್ ಟಿಕ್ ಟಿಕ್ ಅನ್ನೋದು ನಿಧಾನ ಆಗಿದೆ, ನೀವೇ ಬಂದು ನೋಡಿ" ಎಂದರು. ಕೈಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ 45ರ ಬದಲು 28. ಬ್ಯಾಟರಿ 11.7 ವೋಲ್ಟ್ ತೋರಿಸುತ್ತಿತ್ತು. ನನ್ನ ಕಡೆ ಅದೇ ಹೊತ್ತಿಗೆ 12.5 ಇತ್ತು. ಬೆಳಗ್ಗೆ ಬಿಸಿಲು ಬೀಳುವ ಮುಂಚಿನ ಈ ಅಳತೆಯೇ ನಂಬತಕ್ಕದ್ದು. ಹಗಲಿನಲ್ಲಿ ಪ್ಯಾನೆಲ್ ಒತ್ತುತ್ತಿರುವಾಗ ಬರಿದಾದ ಬ್ಯಾಟರಿಯೂ 13 ತೋರಿಸಿ ಮೋಸ ಮಾಡುತ್ತದೆ.

ಭಾವನವರು ದೊಡ್ಡ ಬ್ಯಾಟರಿಯೇ ಪರಿಹಾರವೆಂದು ತೀರ್ಮಾನಿಸಿ, ನನ್ನದರಂತಹದೇ 40ರ ಟ್ಯೂಬುಲರ್ ತಂದು, ಮಡಗಾಂವಿನಲ್ಲಿ ತುಂಬಿಸಿ ಜೋಡಿಸಿದರು. ಪ್ಯಾನೆಲ್ ಮಾತ್ರ ಹಳೆಯ 20 ವಾಟ್. ನನಗೆ ಅತಿ ಹೆಚ್ಚು ಕಲಿಸಿದ್ದು ಈ ಎರಡನೆಯ ಜೋಡಣೆಯೇ. ಹನ್ನೊಂದು ದಿನ ಎಲ್ಲವೂ ಸೊಗಸಾಗಿತ್ತು, ಹನ್ನೆರಡನೆಯ ಬೆಳಗ್ಗೆ ಟಿಕ್ ಸದ್ದು ಮತ್ತೆ ನಿಧಾನವಾಯಿತು. ಸಾಲ ದಿನಕ್ಕೆ 1.8 ಇದ್ದದ್ದು ಹಾಗೆಯೇ ಇತ್ತು, ಗಡುವು ಮಾತ್ರ ಮುಂದೆ ಹೋಗಿತ್ತು. ಇನ್ನೂ ಕೆಟ್ಟದ್ದೆಂದರೆ, ಬರಿದಾದ 20 ಆಂಪಿಯರ್-ಅವರ್ ಮತ್ತೆ ತುಂಬಲು, ದಿನಕ್ಕೆ ಒಂದರಂತೆ ಉಳಿಸುವ ಆ ಪ್ಯಾನೆಲ್‌ಗೆ ಜನವರಿಯಂತಹ ಇಪ್ಪತ್ತು ದಿನಗಳ ಬಿಸಿಲು ಬೇಕು. ಅಷ್ಟು ಬಿಸಿಲು ಗೋವಾದಲ್ಲಿ ಅಕ್ಟೋಬರ್‌ಗಿಂತ ಮೊದಲು ಎಲ್ಲಿಂದ ಬರಬೇಕು? ಅಷ್ಟು ದಿನ ಅರೆಹೊಟ್ಟೆಯಲ್ಲಿದ್ದ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, 40 ಎಂದು ಬರೆದಿದ್ದರೂ ಅಷ್ಟು ಹಿಡಿಯುವುದಿಲ್ಲ.

ನನ್ನ 40 ವಾಟ್ ಜೋಡಣೆಯಲ್ಲಿ ಅದೇ ಮೋಡದ ದಿನ 4.7 ಬರುತ್ತದೆ, ಖರ್ಚು ಹೇಗೋ ಸರಿದೂಗುತ್ತದೆ. ಬರೀ ಒಂದೂವರೆ ಗಂಟೆ ಬೆಳಕಿನ, ಮಧ್ಯಾಹ್ನಕ್ಕೇ ಕತ್ತಲಾದಂತೆನಿಸುವ ದಿನಗಳಲ್ಲಿ ಮಾತ್ರ 1.3 ಸಾಲವಾಗುತ್ತದೆ, ಅಂತಹ ಹದಿನೈದು ದಿನಗಳನ್ನು ನನ್ನ ಬ್ಯಾಟರಿ ತಾಳುತ್ತದೆ. ಮೋಡ ಸರಿದರೆ ನಾಲ್ಕು ದಿನದೊಳಗೆ ಪೂರ್ತಿ ತುಂಬುತ್ತದೆ. ಆಗಸ್ಟ್‌ನಲ್ಲಿ ಭಾವನವರು ಮೂರನೆಯ ಜೋಡಣೆಗೆ ಬಂದರು: 40 ವಾಟ್ ಪ್ಯಾನೆಲ್, ಮತ್ತೆ ತುಂಬಿಸಿಟ್ಟ ಹಳೆಯ 18ರ ಬ್ಯಾಟರಿ. ಅದು ಆ ತಿಂಗಳಿಡೀ ಒಮ್ಮೆಯೂ 12.2ಕ್ಕಿಂತ ಕೆಳಗಿಳಿಯಲಿಲ್ಲ. ಹಣ ಒಂದಕ್ಕೇ ಇದ್ದರೆ ನಾನು ಪ್ಯಾನೆಲ್‌ಗೇ ಹಾಕುತ್ತೇನೆ. ಆದರೆ ಮಷಿನ್‌ನೊಳಗಿನ ಕಂಟ್ರೋಲರ್ ದೊಡ್ಡ ಪ್ಯಾನೆಲಿನ ಎರಡೂಕಾಲು ಆಂಪಿಯರ್ ತಾಳುತ್ತದೆಯೇ ಎಂದು ಮೊದಲು ನೋಡಬೇಕು. ನಮ್ಮದು ತಾಳುವಂತಿರಲಿಲ್ಲ, ಹಾಗಾಗಿ ಅವರೂ ಹೊರಗಿನದನ್ನೇ ಹಾಕಿಸಿದರು.

ಪ್ಯಾನೆಲಿನ ಓರೆಯ ಬಗ್ಗೆಯೂ ಒಂದು ಮಾತು. ಅಂಗಡಿಯ ಸ್ಟ್ಯಾಂಡ್ ಪ್ಯಾನೆಲನ್ನು ದಕ್ಷಿಣಕ್ಕೆ ಸುಮಾರು 35 ಡಿಗ್ರಿ ವಾಲಿಸುತ್ತದೆ. ಕಾಣಕೋಣ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹೀಗಾಗಿ ಜೂನ್-ಜುಲೈಯಲ್ಲಿ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕೇ ಇರುತ್ತಾನೆ. ಬೆಳಕು ಅತಿ ಕಡಿಮೆಯಿರುವ ತಿಂಗಳಲ್ಲಿ ಪ್ಯಾನೆಲ್ ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತಂತಾಯಿತು. ಮೋಡದ ಬೆಳಕು ಇಡೀ ಆಕಾಶದಿಂದ ಬರುವುದರಿಂದಲೂ ಪ್ಯಾನೆಲ್ ಆದಷ್ಟು ಮಲಗಿರುವುದೇ ಲೇಸು. ನೀರು ಹರಿದು ಕೊಳೆ ಹೋಗುವಷ್ಟು, ಅಂದರೆ 10 ಡಿಗ್ರಿ ಓರೆ ಸಾಕು.

ಲಿಥಿಯಂ ಬ್ಯಾಟರಿಯನ್ನು ನಾನು ಬಳಸಿಲ್ಲ. ಅದರ ನೂರರಲ್ಲಿ ಎಂಬತ್ತು ಭಾಗವನ್ನು ಬಳಸಬಹುದೆಂಬುದು ನಿಜ, ಆದರೆ ಕಂಟ್ರೋಲರ್ ಅದಕ್ಕೆ ಹೊಂದುವಂತಹದಿರಬೇಕು, ಅಲ್ಲದೆ ಬರಿದಾಗುವವರೆಗೂ ಅದರ ವೋಲ್ಟೇಜ್ ಹೆಚ್ಚು ಇಳಿಯದ ಕಾರಣ ನನ್ನ ಬೆಳಗಿನ ಅಳತೆ ಅಲ್ಲಿ ನಡೆಯದು.

ಕೊನೆಯದಾಗಿ, ಭಾವನವರೊಡನೆ ಇನ್ನೂ ಮುಗಿಯದ ವಾದವೊಂದಿದೆ. ತಂತಿಗೆ ತಾಗಿದ ಹಸಿ ಹುಲ್ಲು ಬ್ಯಾಟರಿಯನ್ನು ಹೀರುತ್ತದೆ ಎಂದು ಅವರು ನಂಬಿದ್ದಾರೆ. ನಮ್ಮ ಮಷಿನ್ ಪ್ರತಿ ಬಾರಿಯೂ ಕೆಪಾಸಿಟರನ್ನು ಅಷ್ಟೇ ತುಂಬಿಸಿ ಅಷ್ಟನ್ನೇ ಬಿಡುತ್ತದೆ. ಹುಲ್ಲು ತಿನ್ನುವುದು ಹಂದಿಗೆ ಮುಟ್ಟಬೇಕಾದ ಹೊಡೆತವನ್ನು, ಬ್ಯಾಟರಿಯನ್ನಲ್ಲ. ಆಗಸ್ಟ್‌ನಲ್ಲಿ ಅವರ ಬ್ಯಾಟರಿ 12.5 ಇದ್ದಾಗಲೂ ತಂತಿಯಲ್ಲಿ 7,000 ವೋಲ್ಟ್ ಇರಬೇಕಾದಲ್ಲಿ 2,800 ಇತ್ತು. ಬೇಲಿಯ ತಂತಿಯನ್ನು ಮಷಿನ್‌ನಿಂದ ಬಿಡಿಸಿ ಅದರ ಬಾಯಲ್ಲೇ ಅಳೆದಾಗ 8,000 ಬಂತು. ಆ ಸಂಜೆ ಹಳ್ಳದ ಬದಿಯ ಹುಲ್ಲು ಕೊಯ್ದ ಮೇಲೆ ತಂತಿ ಮತ್ತೆ 6,500 ತೋರಿಸಿತು, ಬ್ಯಾಟರಿಯ ಅಂಕಿ ಮಾತ್ರ ಕದಲಲಿಲ್ಲ.